ಪದಚರ್ಚೆ: ಒಡೆಯರು ಮತ್ತು ಕಾರ್ಯನಿರ್ವಾಹಕರ ನಡುವಿನ ‘ಏಜೆನ್ಸಿ ಪ್ರಾಬ್ಲಂ’ಗೆ ಕನ್ನಡದಲ್ಲಿ ಏನೆನ್ನಬೇಕು?

ಸುಧಾ:
ಬಳಗದ ಎಲ್ಲರಿಗೂ ನಮಸ್ಕಾರ. ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರಿಗಾಗಿ ಒಂದು ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ, ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ಅದರಲ್ಲಿ ಒಂದು ಅಧ್ಯಾಯದ ಹೆಸರೇ ‘ಏಜೆನ್ಸಿ ಪ್ರಾಬ್ಲಂ’. ಷೇರು ಹಾಕಿದ ರೈತರು ಒಡೆಯರು. ಖರೀದಿ, ಮಾರಾಟ, ಸಾಲಗಳನ್ನು ದಿನನಿತ್ಯ ನೋಡಿಕೊಳ್ಳುವವರು ಸಂಬಳಕ್ಕೆ ನೇಮಿಸಿದ ಮುಖ್ಯ ಕಾರ್ಯನಿರ್ವಾಹಕರು. ಇಬ್ಬರ ಹಿತ ಬೇರೆಬೇರೆಯಾಗಿ, ಒಳಗಿನ ಸಂಗತಿ ಒಬ್ಬರಿಗೆ ಮಾತ್ರ ತಿಳಿದಿರುವಾಗ ಹುಟ್ಟುವ ತೊಡಕು ಇದು. ಕರಡಿನಲ್ಲಿ ‘ಅಭಿಕರಣ ಸಮಸ್ಯೆ’ ಎಂದು ಬರೆದಿದ್ದೆ. ಓದಿ ನೋಡಿದ ನಿರ್ದೇಶಕರಲ್ಲಿ ಒಬ್ಬರಿಗೂ ಅರ್ಥವಾಗಲಿಲ್ಲ. ‘ಹಿತಾಸಕ್ತಿ ಸಂಘರ್ಷ’ ಎಂದರೆ ಸಾಕೇ?

ನಾಗೇಶ, ತಿಪಟೂರು:
ಕಮಿಷನ್ ಏಜೆಂಟರ ಕಾಟವನ್ನು ಕುರಿತದ್ದಾದರೆ ‘ದಲ್ಲಾಳಿ ಸಮಸ್ಯೆ’ ಎಂದು ಬರೆಯಿರಿ. ಕೊಬ್ಬರಿ ಮಂಡಿಯಲ್ಲಿ ಎಲ್ಲರಿಗೂ ತಿಳಿಯುವ ಮಾತು.

ಶ್ರೀಧರ ರಾವ್:
ದಲ್ಲಾಳಿ ಅರಬ್ಬಿ ಪದ. ಅದೂ ಅಲ್ಲದೆ ದಲ್ಲಾಳಿಯು ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸುವವನೇ ಹೊರತು ಒಬ್ಬನ ಸ್ವತ್ತನ್ನು ನಡೆಸುವವನಲ್ಲ. ‘ಒಡೆಯ–ಆಳು ತೊಡಕು’ ಎನ್ನಿ. ಅಚ್ಚಗನ್ನಡ, ಅರ್ಥವೂ ನೇರ. ಮುಂದೆ ಚರ್ಚೆಯ ಅಗತ್ಯ ಕಾಣುವುದಿಲ್ಲ.

ವೆಂಕಟೇಶ:
ರಾಯರ ಪದ ಚೆನ್ನಾಗಿದೆ. ಆದರೆ ಈ ತೊಡಕಿಗೆ ಪರಿಹಾರ ಎಂದೋ ಸಿಕ್ಕಿದೆ ಎಂದು ಕೈಪಿಡಿಯಲ್ಲಿ ಬರೆಯಬೇಕು. ಆಳನ್ನೇ ಪಾಲುದಾರನನ್ನಾಗಿ ಮಾಡಿದರೆ ಒಡೆಯನ ಲಾಭವೇ ಅವನ ಲಾಭವಾಗುತ್ತದೆ. ಇನ್ಫೋಸಿಸ್ 1994ರಲ್ಲೇ ನೌಕರರಿಗೆ ಷೇರು ಕೊಡುವ ಯೋಜನೆ ತಂದಿತು, ಅದರ ಫಲವನ್ನು ಬೆಂಗಳೂರು ಕಣ್ಣಾರೆ ಕಂಡಿದೆ.

ಮಾಲತಿ:
ನಾನು ಕಂಪನಿ ಸೆಕ್ರೆಟರಿಯಾಗಿ ಕೆಲಸ ಮಾಡುವವಳು, ಆದ್ದರಿಂದ ಪದಕ್ಕಿಂತ ಮೊದಲು ವಸ್ತುವಿನ ಬಗ್ಗೆ ಒಂದೆರಡು ಮಾತು. ‘ಆಳು’ ಎಂದರೆ ಒಡೆಯನ ಕಣ್ಣೆದುರಿಗೆ, ಅವನು ಹೇಳಿದಂತೆ ದುಡಿಯುವವನು. ಇಲ್ಲಿ ಆಳೇ ತೀರ್ಮಾನ ಮಾಡುತ್ತಾನೆ, ಒಡೆಯನಿಗೆ ಅದು ಆಮೇಲೆ ಗೊತ್ತಾಗುತ್ತದೆ, ಕೆಲವೊಮ್ಮೆ ಗೊತ್ತಾಗುವುದೇ ಇಲ್ಲ. ‘ಹಿತಾಸಕ್ತಿ ಸಂಘರ್ಷ’ವೂ ಸಾಲದು, ಏಕೆಂದರೆ ಗೋದಾಮಿನ ಕಡೆ ತಲೆಹಾಕದೆ ಕುಳಿತಿರುವ ಸೋಮಾರಿತನವೂ ಈ ತೊಡಕಿನೊಳಗೇ ಬರುತ್ತದೆ.

ವೆಂಕಟೇಶರು ಹೇಳಿದ್ದು ಅರ್ಧ ನಿಜ. ಪಾಲು ಎಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೈದರಾಬಾದಿನ ಸತ್ಯಂ ಕಂಪನಿಯನ್ನು ನೆನೆಯಿರಿ. ಅದನ್ನು ನಡೆಸುತ್ತಿದ್ದ ರಾಜು ಕುಟುಂಬದ ಪಾಲು 2008ರ ಹೊತ್ತಿಗೆ ಸುಮಾರು ಶೇ. 8ಕ್ಕೆ ಇಳಿದಿತ್ತು. ಆ ಡಿಸೆಂಬರ್ 16ರಂದು, ಅದೇ ಕುಟುಂಬಕ್ಕೆ ಸುಮಾರು ಶೇ. 35ರಷ್ಟು ಪಾಲಿದ್ದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಕೊಳ್ಳಲು ಸತ್ಯಂ ಮಂಡಳಿ ಒಪ್ಪಿತು. ಲೆಕ್ಕ ಹಾಕಿ ನೋಡಿ: ನಿಜವಾದ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಟ್ಟರೆ ಷೇರುದಾರರಾಗಿ ಕುಟುಂಬಕ್ಕೆ ಎಂಟು ಪೈಸೆ ನಷ್ಟ, ಮಾರುವವರಾಗಿ ಮೂವತ್ತೈದು ಪೈಸೆ ಲಾಭ. ಹೂಡಿಕೆದಾರರು ಈ ಲೆಕ್ಕವನ್ನು ಕೂಡಲೇ ಹಾಕಿದರು. ನ್ಯೂಯಾರ್ಕಿನಲ್ಲಿ ಸತ್ಯಂ ಷೇರಿನ ಬೆಲೆ ಅರ್ಧಕ್ಕಿಂತ ಹೆಚ್ಚು ಬಿತ್ತು, ನಮ್ಮಲ್ಲಿ ಬೆಳಗಾಗುವುದರೊಳಗೆ ಕಂಪನಿ ಖರೀದಿಯನ್ನು ಕೈಬಿಟ್ಟಿತು. ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರಿದ್ದೂ ತಡೆಯದ ಕೆಲಸವನ್ನು, ವಹಿವಾಟು ಬಹಿರಂಗವಾದದ್ದೊಂದೇ ತಡೆಯಿತು. ಲೆಕ್ಕಪತ್ರಗಳೇ ಸುಳ್ಳೆಂಬ ತಪ್ಪೊಪ್ಪಿಗೆ ಬಂದದ್ದು 2009ರ ಜನವರಿ 7ರಂದು. ಪುಸ್ತಕದಲ್ಲಿದ್ದ ಹುಸಿ ಆಸ್ತಿಯ ಜಾಗದಲ್ಲಿ ನಿಜವಾದ ಆಸ್ತಿಯನ್ನು ತುಂಬಲು ಆ ಖರೀದಿ ಕೊನೆಯ ಪ್ರಯತ್ನವಾಗಿತ್ತು ಎಂದು ಅದರಲ್ಲೇ ಹೇಳಿತ್ತು.

ಇನ್ನೊಂದು ಸಂಗತಿಯನ್ನು ಕೈಪಿಡಿಯಲ್ಲಿ ಬಿಡಬೇಡಿ. ಆ ಕುಟುಂಬ ತನ್ನ ಷೇರುಗಳನ್ನು ಅಡವಿಟ್ಟು ಸಾಲ ಎತ್ತಿತ್ತು. ಬೆಲೆ ಇಳಿದರೆ ಸಾಲ ಕೊಟ್ಟವರು ಷೇರು ಮಾರಿಬಿಡುತ್ತಾರೆ, ಆದ್ದರಿಂದ ಬೆಲೆಯನ್ನು ಹೇಗಾದರೂ ಎತ್ತಿ ಹಿಡಿಯಬೇಕೆಂಬ ಒತ್ತಡ ಹುಟ್ಟುವುದು ಆ ಪಾಲಿನಿಂದಲೇ. ಪ್ರವರ್ತಕರು ಷೇರು ಅಡವಿಟ್ಟರೆ ಬಹಿರಂಗಪಡಿಸಲೇಬೇಕೆಂದು ಸೆಬಿ ಅದೇ ಜನವರಿಯಲ್ಲಿ ವಿಧಿಸಿತು. 2013ರ ಕಂಪನಿ ಕಾಯ್ದೆಯ ಪ್ರಕಾರ, ಸಂಬಂಧಿಗಳೊಂದಿಗಿನ ವಹಿವಾಟು ಷೇರುದಾರರ ಮುಂದೆ ನಿರ್ಣಯಕ್ಕೆ ಬಂದಾಗ ಆ ಸಂಬಂಧಿಗಳು ಮತ ಹಾಕುವಂತಿಲ್ಲ.

ಗಣಪತಿ, ಶಿರಸಿ:
ನಮ್ಮ ಕಡೆ ಅಡಿಕೆ ಫಸಲನ್ನು ಚೇಣಿಗೆ ಕೊಡುತ್ತೇವೆ. ಆ ವರ್ಷದ ಅಡಿಕೆಯೆಲ್ಲ ಚೇಣಿದಾರನದೇ, ಒಂದು ಗೊನೆಯೂ ವ್ಯರ್ಥವಾಗದಂತೆ ಕೊಯ್ಯುತ್ತಾನೆ. ಆದರೆ ಮರದ ಬುಡಕ್ಕೆ ಗೊಬ್ಬರ ಹಾಕು, ಕಾಲುವೆ ಬಿಡಿಸು ಎಂದರೆ ಏಕೆ ಮಾಡಿಯಾನು? ಮುಂದಿನ ವರ್ಷದ ಚೇಣಿ ಅವನಿಗೇ ಸಿಗುತ್ತದೆಂಬ ಭರವಸೆ ಇಲ್ಲ. ನೀವು ಹೇಳುತ್ತಿರುವುದು ಇದನ್ನೇ ಅಲ್ಲವೇ ತಂಗಿ?

ಮಾಲತಿ:
ಇದನ್ನೇ, ಗಣಪತಿಯವರೇ. ಷೇರಿನ ಆಯ್ಕೆ ಹಕ್ಕನ್ನು ಒಂದೇ ವರ್ಷಕ್ಕೆ ಕೈಗೆ ಕೊಡದೆ ನಾಲ್ಕೈದು ವರ್ಷಗಳಿಗೆ ಹಂಚುವುದು ಇದಕ್ಕಾಗಿಯೇ.

ಆದರೆ ಸುಧಾ ಅವರ ಓದುಗರಿಗೆ ಆ ದಾರಿಯೇ ಇಲ್ಲ. ಉತ್ಪಾದಕ ಕಂಪನಿಯ ಷೇರು ಪೇಟೆಯಲ್ಲಿ ಮಾರಾಟವಾಗುವುದಿಲ್ಲ, ಮುಖ್ಯ ಕಾರ್ಯನಿರ್ವಾಹಕರು ಸದಸ್ಯರಲ್ಲದವರೇ ಆಗಿರಬೇಕೆಂದು ಕಾನೂನಿದೆ. ಹಾಗಾಗಿ ಉಳಿದದ್ದು ಬೋನಸ್. ವಹಿವಾಟಿನ ಶೇ. 1ರಷ್ಟು ಎಂದು ಗೊತ್ತುಮಾಡಿದ್ದೀರಿ ಎನ್ನೋಣ. ಅವರು 1,000 ಕ್ವಿಂಟಲ್ ತೊಗರಿಯನ್ನು 7,000 ರೂಪಾಯಿಗೆ ಕೊಂಡು ಅದೇ ಬೆಲೆಗೆ ಮಾರಿದರೂ ವಹಿವಾಟು 70 ಲಕ್ಷ, ಬೋನಸ್ 70 ಸಾವಿರ. ಗೋಣಿಚೀಲ, ಹಮಾಲಿ, ಲಾರಿ ಬಾಡಿಗೆ ಸೇರಿ ಕ್ವಿಂಟಲಿಗೆ 150 ಆದರೆ ಕಂಪನಿಗೆ ಒಂದೂವರೆ ಲಕ್ಷ ನಷ್ಟ, ಮೇಲೆ ಆ ಬೋನಸ್ ಬೇರೆ. ಬೇಡವೆಂದು ಲಾಭದ ಮೇಲೆ ಬೋನಸ್ ಇಟ್ಟರೆ, ಲಾಭ ಹೆಚ್ಚಿಸುವ ಸುಲಭದ ದಾರಿ ರೈತನಿಗೆ ಕಡಿಮೆ ಬೆಲೆ ಕೊಡುವುದು. ಒಡೆಯನೇ ಮಾಲು ಮಾರುವವನೂ ಆಗಿರುವ ಕಂಪನಿಯಲ್ಲಿ ಲಾಭವೊಂದೇ ಸರಿಯಾದ ಅಳತೆಯಲ್ಲ. ಅಂದಿನ ಎಪಿಎಂಸಿ ಧಾರಣೆಗಿಂತ ಸದಸ್ಯನಿಗೆ ಎಷ್ಟು ಹೆಚ್ಚು ಸಿಕ್ಕಿತು, ಖರ್ಚು ಕಳೆದು ಕಂಪನಿಗೆ ಎಷ್ಟು ಉಳಿಯಿತು ಎಂಬ ಎರಡನ್ನೂ ಕೂಡಿಸಿ ನೋಡಬೇಕು.

ಬೋನಸಿನಿಂದ ಆಗದ್ದನ್ನು ಬಹಿರಂಗದಿಂದ ಮಾಡಿಸಬೇಕು. ಯಾವ ದಿನ, ಯಾರಿಂದ, ಎಷ್ಟು, ಯಾವ ಧಾರಣೆಗೆ ಎಂಬ ಪಟ್ಟಿ ತಿಂಗಳಿಗೊಮ್ಮೆ ಕಚೇರಿಯ ಗೋಡೆಗೆ ಬರಲಿ. ಒಬ್ಬನೇ ವರ್ತಕನ ಬಾಕಿ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ, ಲಾರಿ ಬಾಡಿಗೆ ಕಳೆದ ಹಂಗಾಮಿಗಿಂತ ಕಾರಣವಿಲ್ಲದೆ ಏರಿದ್ದರೆ, ಆ ವರ್ತಕ ಯಾರು, ಆ ಲಾರಿ ಯಾರದು ಎಂದು ನಿರ್ದೇಶಕರು ಸಭೆಯಲ್ಲೇ ಕೇಳಬೇಕು.

ಪದಕ್ಕೆ ಬಂದರೆ, ಒಡೆಯನ ಪರವಾಗಿ ಅಧಿಕಾರ ನಡೆಸುವವನಿಗೆ ನಮ್ಮಲ್ಲಿ ‘ಮುತಾಲಿಕ’ ಎಂಬ ಹಳೆಯ ಪದವಿದೆ.

ಶ್ರೀಧರ ರಾವ್:
ಅದೂ ಅರಬ್ಬಿ, ಮರಾಠಿಯ ದಾರಿಯಲ್ಲಿ ಬಂದದ್ದು. ‘ವಕೀಲ’ ಎಂಬುದಕ್ಕೂ ಮೂಲದಲ್ಲಿ ಇದೇ ಅರ್ಥವಿತ್ತು, ಅದನ್ನೂ ಇಡುತ್ತೀರೇನು? ಒಂದಕ್ಕೆ ಬಾಗಿಲು ತೆರೆದರೆ ಇಡೀ ದಫ್ತರವೇ ಒಳಗೆ ಬರುತ್ತದೆ.

ಗಣಪತಿ, ಶಿರಸಿ:
ರಾಯರೇ, ದಫ್ತರ ಎಂಬುದೂ ಹೊರಗಿನಿಂದಲೇ ಬಂದದ್ದು. ನಮ್ಮ ಸೊಸೈಟಿಯ ಲೆಕ್ಕವೆಲ್ಲ ಜಮಾ, ಖರ್ಚು, ಬಾಕಿ ಎಂಬ ಮಾತುಗಳಲ್ಲೇ ನಡೆದಿದೆ. ಅವನ್ನು ಕಿತ್ತುಹಾಕಿದರೆ ರೈತ ಲೆಕ್ಕ ಕೇಳುವುದು ಯಾವ ಮಾತಿನಲ್ಲಿ?

ಶ್ರೀಧರ ರಾವ್:
ಬಳಕೆಯಲ್ಲಿರುವುದನ್ನು ಕೀಳಿ ಎಂದು ನಾನು ಹೇಳಲಿಲ್ಲ. ಹೊಸದಾಗಿ ಪದ ಕಟ್ಟುವಾಗ ಕನ್ನಡದ ಬೇರಿನಿಂದ ಕಟ್ಟಬೇಕು ಎಂದೆ. ಮುತಾಲಿಕ ಈಗ ಮನೆತನದ ಹೆಸರಾಗಿ ಉಳಿದಿದೆ, ರೈತನಿಗೆ ಅದರಿಂದ ಏನೂ ತಿಳಿಯದು.

ಸುಧಾ:
ಕೊನೆಯ ಮಾತನ್ನು ಒಪ್ಪುತ್ತೇನೆ, ರಾಯರೇ. ಅಧ್ಯಾಯಕ್ಕೆ ‘ಒಡೆಯರ ಹಿತ, ನಡೆಸುವವರ ಹಿತ’ ಎಂದು ಹೆಸರಿಟ್ಟು, ಒಳಗೆ ‘ಒಡೆಯ–ನಡೆಸುಗ ತೊಡಕು’ ಎಂದು ಬಳಸುತ್ತೇನೆ. ಮಾಲತಿಯವರೇ, ತೊಗರಿಯ ಲೆಕ್ಕವನ್ನು ಹಾಗೆಯೇ ಸೇರಿಸಿಕೊಳ್ಳಬಹುದೇ? ಜೊತೆಗೆ ಇನ್ನೊಂದು ಪ್ರಶ್ನೆ: ಬೋನಸನ್ನು ಧಾರಣೆಗೆ ಹೊಂದಿಸಿದ ಮೇಲೆ, ಧಾರಣೆ ತಾನಾಗಿಯೇ ಕುಸಿದ ವರ್ಷದಲ್ಲಿ ಕಾರ್ಯನಿರ್ವಾಹಕರ ಶ್ರಮವನ್ನು ಅಳೆಯುವುದು ಹೇಗೆ?

ಮಾಲತಿ:
ಧಾರಾಳವಾಗಿ ಸೇರಿಸಿಕೊಳ್ಳಿ. ಹೋಲಿಕೆ ಅದೇ ದಿನದ ಧಾರಣೆಯೊಂದಿಗೆ ಆದ್ದರಿಂದ ಕುಸಿತದ ಹೊರೆ ಬಹುಪಾಲು ಅವರ ಮೇಲೆ ಬೀಳುವುದಿಲ್ಲ. ಆದರೆ ಬೆಲೆ ಏರಬಹುದೆಂದು ಗೋದಾಮಿನಲ್ಲಿ ಮಾಲು ಇಟ್ಟುಕೊಂಡು ಕಾದು ನಷ್ಟವಾದರೆ ಅದು ದುಡುಕೋ ದುರದೃಷ್ಟವೋ ಎಂದು ಹೇಳುವ ಸೂತ್ರ ನನ್ನ ಬಳಿ ಇಲ್ಲ. ಇಷ್ಟು ಕ್ವಿಂಟಲಿಗಿಂತ ಹೆಚ್ಚು, ಇಷ್ಟು ದಿನಕ್ಕಿಂತ ಮೇಲೆ ಮಾಲು ಹಿಡಿದಿಡಲು ಮಂಡಳಿಯ ಒಪ್ಪಿಗೆ ಬೇಕು ಎಂದು ಮೊದಲೇ ಠರಾವು ಮಾಡಿಸುವುದನ್ನಷ್ಟೇ ನಾನು ಸೂಚಿಸಬಲ್ಲೆ.

ಶ್ರೀಧರ ರಾವ್:
ಠರಾವು ಬೇಡ, ‘ಗೊತ್ತುವಳಿ’ ಎಂದು ಅಚ್ಚು ಹಾಕಿಸಿ.