ಸಹಾಯ ಬೇಕು: ಅಬ್ರಹಾಮನ ಬಲಿ ಪ್ರಸಂಗವನ್ನು ಹೇಗೆ ಹೇಳಲಿ?

ನಮಸ್ಕಾರ. ಅಬ್ರಹಾಮ ಮಗನನ್ನು ಬಲಿ ಕೊಡಲು ಹೊರಟ ಪ್ರಸಂಗದ ಬಗ್ಗೆ ವಿಡಿಯೊ ಮಾಡುತ್ತಿದ್ದೇನೆ. ಬೈಬಲಿನ ಆದಿಕಾಂಡದ 22ನೇ ಅಧ್ಯಾಯದಲ್ಲಿ ಆ ಮಗ ಇಸಾಕ. ಯೆಹೂದಿಗಳಿಗೂ ಕ್ರೈಸ್ತರಿಗೂ ಅದೇ. ಕುರಾನಿನ 37ನೇ ಅಧ್ಯಾಯದ ಪ್ರಸಂಗದಲ್ಲಿ ಬಲಿಗೆ ಹೊರಟ ಮಗನ ಹೆಸರು ಹೇಳಿಲ್ಲ. ಅದು ಅಬ್ರಹಾಮನ ಇನ್ನೊಬ್ಬ ಮಗ ಇಸ್ಮಾಯಿಲ್ ಅನ್ನುವುದು ಹೆಚ್ಚಿನ ಮುಸ್ಲಿಮರ ನಂಬಿಕೆ.

ಮೊದಲು ‘ಕುರಾನ್ ಹೆಸರು ಬದಲಿಸಿದೆ’ ಎಂದು ಬರೆದಿದ್ದೆ. ಗೆಳೆಯ ತಡೆದ. ಒಂದು ಅಸಲಿ, ಇನ್ನೊಂದು ನಕಲು ಅಂದ ಹಾಗಾಯ್ತು, ಅಲ್ವಾ? ಈಗ ಗ್ರಂಥದಲ್ಲಿ ಇರುವುದು ಬೇರೆ, ಜನ ನಂಬುವುದು ಬೇರೆ ಎಂದು ಬಿಡಿಸಿ ಬರೆದಿದ್ದೇನೆ. ‘ಕಥೆ’ ತೆಗೆದು ‘ಪ್ರಸಂಗ’ ಮಾಡಿದೆ. ಇಲ್ಲದಿದ್ದರೆ ಕಟ್ಟುಕಥೆ ಅಂದರು ಎಂದು ಜಗಳ ಶುರುವಾಗುತ್ತೆ.

ಶೀರ್ಷಿಕೆಯೇ ತಲೆನೋವು. ‘ಆ ಮಗ ಯಾರು?’ ಎಂದರೆ ಸುಮ್ನೆ ಕೆಣಕಿದಂತೆ. ಬೇರೆ ಏನಿಡಲಿ? ಮೂರೂ ಧರ್ಮ ಪಾಲಿಸುವವರು ಒಬ್ಬೊಬ್ಬರು ಕರಡು ಓದಿ, ಚುಚ್ಚುವ ಮಾತು ಗುರುತಿಸಿ ಕೊಡ್ತೀರಾ?