ಕಾಲೇಜು ಫೆಸ್ಟ್‌ನಲ್ಲಿ ಯಾರು ಮಾಡೋದು, ಯಾರು ಒಪ್ಪೋದು? ಟೇಬಲ್ ಮಾಡಿ ನೋಡಿದವರ ಅನುಭವ

ಕೇಳಿದವರು: ಡಿಗ್ರಿ ಕಾಲೇಜಿನ ಈ ವರ್ಷದ ಸಾಂಸ್ಕೃತಿಕ ಕಾರ್ಯದರ್ಶಿ

ಎರಡು ದಿನದ ಅಂತರ ಕಾಲೇಜು ಫೆಸ್ಟ್‌ಗೆ ಇನ್ನು 5 ವಾರ ಇದೆ. ಯಾರು ಮಾಡಬೇಕು, ಯಾರು ಒಪ್ಪಬೇಕು, ಯಾರನ್ನು ಕೇಳಬೇಕು, ಯಾರಿಗೆ ತಿಳಿಸಬೇಕು ಅಂತ ಟೇಬಲ್ ಮಾಡಿದ್ದೇನೆ. 14 ಸಾಲು, 9 ಕಾಲಂ. ಎಲ್ಲ ಮನೆಗಳೂ ತುಂಬಿವೆ. ಆದ್ರೂ ಮೀಟಿಂಗ್‌ನಲ್ಲಿ "ಅದು ನಂದಲ್ಲ" ಅನ್ನೋದು ನಿಂತಿಲ್ಲ. ಎಲ್ಲಿ ತಪ್ಪಾಗ್ತಿದೆ?

ಬಿಕಾಂ ಕೊನೆ ವರ್ಷದ ವಿದ್ಯಾರ್ಥಿ

ನಾವು ಹೋದ ವರ್ಷ 40 ವಾಲಂಟಿಯರ್‌ಗಳಿಗೆ ಹೀಗೇ ಒಂದು ಶೀಟ್ ಮಾಡಿದ್ದೆವು. ಬೆಳಿಗ್ಗೆ 8ರಿಂದ 12 ಗೇಟ್, 12ರಿಂದ 4 ಊಟದ ಕೌಂಟರ್, ಹೀಗೆ. ಗೋಡೆಗೆ ಅಂಟಿಸಿಬಿಟ್ಟರೆ ಮುಗೀತು. ಒಬ್ಬೊಬ್ಬರಿಗೂ ಬೇರೆ ಬಣ್ಣದ ಬ್ಯಾಡ್ಜ್ ಕೊಡಿ, ಗುರುತಿಸೋಕೆ ಸುಲಭ.

ಕೇಳಿದವರು

ಥ್ಯಾಂಕ್ಸ್ ಅಣ್ಣ, ಆ ಡ್ಯೂಟಿ ಶೀಟ್ ಕೂಡ ಬೇಕಾಗುತ್ತೆ. ಆದ್ರೆ ನನ್ನ ತೊಂದರೆ ಅದಕ್ಕಿಂತ ಮೊದಲಿನದು. ಜನರೇಟರ್ ತರಿಸೋದು ಯಾರ ಮಾತಿನ ಮೇಲೆ? ಅಂಥ ಪ್ರಶ್ನೆಗಳಲ್ಲೇ ನಾವು ಸಿಕ್ಕಿಕೊಂಡಿದ್ದೇವೆ.

ಹಳೆ ವಿದ್ಯಾರ್ಥಿ, ಮೂರು ಫೆಸ್ಟ್ ನಡೆಸಿದ್ದೇನೆ, ಈಗ ಬೆಂಗಳೂರಿನಲ್ಲಿ ಪ್ರಾಜೆಕ್ಟ್ ಕೆಲಸ

ಜನರೇಟರ್ ಅಂದಿರಲ್ಲ, ನಮ್ಮ ಎರಡನೇ ಫೆಸ್ಟ್ ಕೆಟ್ಟದ್ದೇ ಅದರಿಂದ. ಅದನ್ನೇ ಹೇಳುತ್ತೇನೆ.

ನಮ್ಮ ಟೇಬಲ್‌ನಲ್ಲಿ "ಸ್ಟೇಜ್" ಅಂತ ಒಂದೇ ಸಾಲು ಇತ್ತು. ಮಾಡುವವರು ಸ್ಟೇಜ್ ತಂಡ, ಒಪ್ಪುವವರು ಸಂಚಾಲಕ ಮೇಷ್ಟ್ರು. ಎಲ್ಲ ಸರಿಯಾಗಿದೆ ಅಂತಲೇ ಅಂದುಕೊಂಡಿದ್ದೆವು. ಸೌಂಡ್‌ನವರು ಬಂದರು, ಲೈಟಿನವರು ಬಂದರು. ಸೌಂಡ್ ನೋಡಿಕೊಳ್ಳುತ್ತಿದ್ದ ಹುಡುಗ, ಜನರೇಟರ್ ಲೈಟಿನವರ ಜೊತೆ ಬರುತ್ತೆ ಅಂದುಕೊಂಡಿದ್ದ. ಲೈಟ್ ನೋಡುತ್ತಿದ್ದವಳು ಅದು ಕಾಲೇಜಿನದೇ ಇರುತ್ತೆ ಅಂದುಕೊಂಡಿದ್ದಳು. ಕಾಲೇಜಿನದು ಆಫೀಸಿನ ಫ್ಯಾನ್, ಕಂಪ್ಯೂಟರ್‌ಗೆ ಮಾತ್ರ ಸಾಕಾಗುವಷ್ಟು ಚಿಕ್ಕದು. ಸಂಜೆ 6:40ಕ್ಕೆ ಕರೆಂಟ್ ಹೋಯಿತು. 50 ನಿಮಿಷ ಮೈದಾನ ಕತ್ತಲು. ಡಾನ್ಸ್ ತಂಡದ ಮಕ್ಕಳು ಮೇಕಪ್ ಹಾಕಿಕೊಂಡು ಮೊಬೈಲ್ ಟಾರ್ಚ್ ಹಿಡಿದು ಕೂತಿದ್ದರು. ನನಗೆ ಆ ದೃಶ್ಯ ಈಗಲೂ ಬೇಸರ ತರುತ್ತೆ.

ಆ ಟೇಬಲ್‌ನಲ್ಲಿ ಖಾಲಿ ಮನೆ ಒಂದೂ ಇರಲಿಲ್ಲ. ತಪ್ಪು ಇದ್ದದ್ದು ಸಾಲಿನಲ್ಲಿ. "ಸ್ಟೇಜ್" ಅನ್ನೋದು ಒಂದು ಕೆಲಸ ಅಲ್ಲ, ಹತ್ತು ಕೆಲಸಗಳ ಗಂಟು. ಮುಂದಿನ ವರ್ಷ ಒಂದು ನಿಯಮ ಮಾಡಿಕೊಂಡೆವು. ಕೆಲಸ ಮುಗಿದಾಗ ಕೈಗೆ ಏನಾದರೂ ಸಿಗಬೇಕು. ರಸೀದಿ, ಅನುಮತಿ ಪತ್ರ, ಓಡುತ್ತಿರುವ ಜನರೇಟರ್, ಹೀಗೆ. ಕೈಗೆ ಏನೂ ಸಿಗದಿದ್ದರೆ ಆ ಸಾಲನ್ನು ಒಡೆಯಬೇಕು. ಜನರೇಟರ್ ಒಂದೇ ನಾಲ್ಕು ಸಾಲಾಯಿತು:

| ಕೆಲಸ | ಸ್ಟೇಜ್ ಮುಖ್ಯಸ್ಥ | ಹಣದ ತಂಡ | ಕಾರ್ಯದರ್ಶಿ | ಸಂಚಾಲಕ ಮೇಷ್ಟ್ರು | ಪ್ರಾಂಶುಪಾಲರು | ಎಲೆಕ್ಟ್ರಿಷಿಯನ್ |
|---|---|---|---|---|---|---|
| ಲೋಡ್ ಲೆಕ್ಕ ಬರೆದುಕೊಡುವುದು | ಮಾ | ತಿ | ಒ | – | – | ಕೇ |
| ಮೂರು ಕೊಟೇಶನ್ ತಂದು ಒಂದನ್ನು ಆರಿಸುವುದು | ಕೇ | ಮಾ | ತಿ | ಒ | – | – |
| ಮುಂಗಡದ ಚೆಕ್ | ತಿ | ಮಾ | ತಿ | ಕೇ | ಒ | – |
| ಹಿಂದಿನ ಸಂಜೆ ಓಡಿಸಿ ನೋಡುವುದು | ಮಾ | – | ತಿ | ಒ | – | ಮಾ |

ಮಾ, ಒ, ಕೇ, ತಿ ಅಂದರೆ ಮಾಡುವವರು, ಒಪ್ಪುವವರು, ಕೇಳಬೇಕಾದವರು, ತಿಳಿಸಬೇಕಾದವರು. ಇಂಗ್ಲಿಷ್ ಅಕ್ಷರ ಹಾಕಿದಾಗ ಅರ್ಧ ಜನಕ್ಕೆ ಗೊಂದಲ ಆಗುತ್ತಿತ್ತು. ಕನ್ನಡದಲ್ಲಿ ಹಾಕಿದ ಮೇಲೆ ಯಾರೂ ಕೇಳಲಿಲ್ಲ.

ಮೊದಲ ಸಾಲು ನೋಡಿ. ಸೌಂಡ್ 8 ಕಿಲೋವ್ಯಾಟ್, ಲೈಟ್ 11, ಎಲ್ಇಡಿ ಪರದೆ 5, ಒಟ್ಟು 24 ಬಂತು. ಜನರೇಟರ್ ಸಾಮರ್ಥ್ಯ ಹೇಳೋದು ಕೆವಿಎಯಲ್ಲಿ, ಅದಕ್ಕೆ ಆ 24ನ್ನು ಪವರ್ ಫ್ಯಾಕ್ಟರ್ 0.8ರಿಂದ ಭಾಗಿಸಿದರೆ 30 ಕೆವಿಎ. ಆಂಪ್ಲಿಫೈಯರ್ ಒಮ್ಮೆಲೇ ಕರೆಂಟ್ ಎಳೆಯುತ್ತೆ, ಪೂರ್ತಿ ಲೋಡ್ ಹಾಕಬೇಡಿ ಅಂತ ಎಲೆಕ್ಟ್ರಿಷಿಯನ್ ಹೇಳಿದರು. 62.5 ಕೆವಿಎಯದು ತರಿಸಿದೆವು. ಅವರನ್ನು ಕೇಳಿದ್ದು ಕೊಟೇಶನ್ ತರೋಕೆ ಮುಂಚೆ, ಅದನ್ನು ಗಮನಿಸಿ. ಗಾಡಿ ಗೇಟಿಗೆ ಬಂದ ಮೇಲೆ ಕೇಳಿದ್ದರೆ ಅದು ಬರೀ ತಿಳಿಸಿದ ಹಾಗೆ ಆಗುತ್ತಿತ್ತು. ಕೇ ಮತ್ತು ತಿ ನಡುವಿನ ವ್ಯತ್ಯಾಸ ಅಷ್ಟೇ.

ಇನ್ನೊಂದು ಕಾಲೇಜಿನ ಯೂನಿಯನ್ ಅಧ್ಯಕ್ಷ

ನಿಯಮ ಸಿಂಪಲ್. ಒಂದು ಸಾಲಿಗೆ ಒಬ್ಬರೇ ಮಾ, ಒಬ್ಬರೇ ಒ. ಇಬ್ಬರು ಇದ್ದರೆ ಇಬ್ಬರೂ ಮಾಡಲ್ಲ. ಮೇಲಿನ ಟೇಬಲ್‌ನ ಕೊನೆ ಸಾಲಲ್ಲೇ ಇಬ್ಬರು ಮಾ ಇದ್ದಾರೆ, ತಪ್ಪು. ಮತ್ತೆ ಒ ಅಂದರೆ ಸಹಿ ಹಾಕುವವರು, ಅಷ್ಟೇ.

ಹಳೆ ವಿದ್ಯಾರ್ಥಿ

ಒ ಒಂದೇ ಇರಬೇಕು ಅನ್ನೋದು ಪೂರ್ತಿ ಒಪ್ಪುತ್ತೇನೆ. ಮಾ ಇಬ್ಬರು ಇರಬಹುದು. ಜನರೇಟರ್ ಓಡಿಸಿ ನೋಡುವಾಗ ಎಲೆಕ್ಟ್ರಿಷಿಯನ್ ಅರ್ಥಿಂಗ್ ನೋಡುತ್ತಾರೆ, ಸ್ಟೇಜ್ ಹುಡುಗ ಲೈಟ್, ಸೌಂಡ್ ಎಲ್ಲ ಒಟ್ಟಿಗೆ ಹಾಕಿ ನೋಡುತ್ತಾನೆ. ಒಬ್ಬರಿಲ್ಲದೆ ಇನ್ನೊಬ್ಬರು ಮಾಡೋಕಾಗಲ್ಲ. ಮಾ ಜಾಸ್ತಿ ಇದ್ದಾಗ ಯಾರು ಮುಂದಾಳು ಅಂತ ಒಂದು ಚುಕ್ಕಿ ಇಡಿ, ಸಾಕು.

ಒ ಬರೀ ಸಹಿ ಅನ್ನೋದನ್ನು ಮಾತ್ರ ಒಪ್ಪಲ್ಲ. ಜನರೇಟರ್ ನಿಂತರೆ ಯಾರನ್ನು ಹಿಡಿದು ಕೇಳುತ್ತೀರಿ? ಅವರೇ ಒ. ಸಹಿ ಹಾಕಿ ಮರೆಯುವವರನ್ನು ಆ ಮನೆಗೆ ಹಾಕಬೇಡಿ.

ಗೂಗಲ್ ಶೀಟ್‌ನಲ್ಲಿ ಮಾಡಿದ್ದರೆ ಕೊನೆಗೆ ಒಂದು ಖಾಲಿ ಕಾಲಂನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ, ಮೇಲಿನ ಟೇಬಲ್‌ಗಿಂತ ನಿಮ್ಮ ಕಾಲಂ ಜಾಸ್ತಿ ಇದ್ದರೆ G ಬದಲು ನಿಮ್ಮ ಕೊನೆಯವರ ಕಾಲಂ ಅಕ್ಷರ ಹಾಕಿ:

```
=COUNTIF(B2:G2,"*ಒ*")
```

ಪ್ರತಿ ಸಾಲಿಗೂ 1 ಬರಬೇಕು. 0 ಬಂದರೆ ಆ ಕೆಲಸಕ್ಕೆ ಯಜಮಾನರಿಲ್ಲ. 2 ಬಂದರೆ ಜಗಳ ಬರುತ್ತೆ. ಒಬ್ಬರೇ ಮಾಡಿ ಒಬ್ಬರೇ ಒಪ್ಪುವ ಚಿಕ್ಕ ಕೆಲಸಕ್ಕೆ "ಮಾ ಒ" ಅಂತ ಬರೆದಿರುತ್ತೀರಿ, ಅದನ್ನೂ ಎಣಿಸಲಿ ಅಂತ ನಕ್ಷತ್ರ ಗುರುತು.

ಶಿವಮೊಗ್ಗ ಕಡೆ ಸೌಂಡ್ ಸರ್ವಿಸ್ ಇಟ್ಟುಕೊಂಡವರು

ನಾನು ಓದಿದ್ದು ಕಡಿಮೆ, ಈ ಟೇಬಲ್ ಎಲ್ಲ ನನಗೆ ಹೊಸದು. ಆದ್ರೆ 20 ವರ್ಷದಿಂದ ಕಾಲೇಜುಗಳಿಗೆ ಸೌಂಡ್ ಹಾಕ್ತಿದ್ದೀನಿ, ನಮ್ಮ ಕಡೆಯ ಮಾತೂ ಕೇಳಿ. ಒಂದು ಕಾಲೇಜಿನಿಂದ ನನಗೆ ಐದು ಜನ ಫೋನ್ ಮಾಡ್ತಿದ್ರು. ಒಬ್ಬ ಹುಡುಗ "ಅಣ್ಣ, ಬ್ಯಾಂಡ್ ಇದೆ, ಇನ್ನೆರಡು ಮಾನಿಟರ್ ಸ್ಪೀಕರ್ ಹಾಕಿ" ಅಂದ. ಹಾಕಿದೆ. ಬಿಲ್ ಕೊಟ್ಟಾಗ "ಯಾರು ಹೇಳಿದ್ದು?" ಅಂದ್ರು. ಆ ಹುಡುಗ ಪಾಪ ತಲೆ ತಗ್ಗಿಸಿ ನಿಂತಿದ್ದ. ಅವನಿಗೂ ಬೇಜಾರು, ನನಗೂ ನಷ್ಟ. ಈಗ ನಾನು ಮುಂಗಡ ತಗೊಳ್ಳುವಾಗಲೇ ಕೇಳ್ತೀನಿ, ಆರ್ಡರ್ ಹೆಚ್ಚು ಕಡಿಮೆ ಮಾಡೋಕೆ ಯಾರದಾದ್ರೂ ಒಂದೇ ನಂಬರ್ ಕೊಡಿ ಅಂತ. ಆ ನಂಬರಿನಿಂದ ಮೆಸೇಜ್ ಬಂದರೆ ಮಾತ್ರ ಹಾಕ್ತೀನಿ.

ಕೇಳಿದವರು

ಅಣ್ಣ, ಇದು ನನ್ನ ಟೇಬಲ್‌ನಲ್ಲಿ ಇರಲೇ ಇಲ್ಲ. "ಆರ್ಡರ್ ಬದಲಾಯಿಸುವುದು" ಅಂತ ಬೇರೆ ಸಾಲು ಹಾಕ್ತೀನಿ. ಸಪ್ಲೈಯರ್‌ಗೆ ತಿ ಹಾಕಬೇಕು ಅನ್ನೋದೂ ಈಗ ಹೊಳೀತು.

ಕಾಮರ್ಸ್ ಉಪನ್ಯಾಸಕಿ, ನಾಲ್ಕು ವರ್ಷ ಫೆಸ್ಟ್ ಸಂಚಾಲಕಿ

ಮಗು, ಫೆಸ್ಟ್ ರಾತ್ರಿಗೆ ಬೇರೆ ಟೇಬಲ್ ಬೇಕು. ಇದನ್ನು ನಾನು ಕಷ್ಟಪಟ್ಟು ಕಲಿತೆ.

ಸಿದ್ಧತೆಯ ದಿನಗಳಲ್ಲಿ ಒಪ್ಪಿಗೆಗೆ ಎರಡು ದಿನ ಕಾಯಬಹುದು. ರಾತ್ರಿ ಎರಡು ನಿಮಿಷ ಸಿಗೋದೂ ಕಷ್ಟ. ಶಬ್ದ ಮಾಲಿನ್ಯ ನಿಯಮ 2000ರಲ್ಲೇ ಬಂದಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಅಂತ ಸರ್ಕಾರ ವರ್ಷಕ್ಕೆ 15 ದಿನ ಮೀರದ ಹಾಗೆ 12ರವರೆಗೆ ಸಡಿಲಿಸಬಹುದು, ಆದರೆ ನಿಮ್ಮ ಫೆಸ್ಟ್ ಅದರಲ್ಲಿದೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ಲಿಖಿತ ಅನುಮತಿಯಲ್ಲಿ ಯಾವ ಹೊತ್ತು ಬರೆದಿದೆಯೋ ಅದೇ ಲೆಕ್ಕ.

ಒಂದು ವರ್ಷ 9:50ಕ್ಕೆ ಬ್ಯಾಂಡಿನವರು "ಇನ್ನೊಂದೇ ಹಾಡು ಮೇಡಂ" ಅಂದರು. ಎದುರಿಗೆ ಸಾವಿರ ಮಕ್ಕಳು ಕೂಗುತ್ತಿದ್ದಾರೆ. ಸೌಂಡ್ ನಿಲ್ಲಿಸುವ ಸಾಲಿನಲ್ಲಿ ಒ ಪ್ರಾಂಶುಪಾಲರದ್ದು. ಅವರು 9ಕ್ಕೇ ಮನೆಗೆ ಹೋಗಿದ್ದರು, ಫೋನ್ ಹತ್ತಲಿಲ್ಲ. ನಾನು ಮಿಕ್ಸರ್ ಪಕ್ಕದಲ್ಲೇ ನಿಂತಿದ್ದೆ, ಆದರೆ ಹೇಳುವ ಅಧಿಕಾರ ನನ್ನದಲ್ಲ ಅಂತ ಹಿಂಜರಿದೆ. 10:20 ಆಯಿತು, ಪೊಲೀಸರು ಬಂದರು. ಅದಾದ ಮೇಲೆ ರಾತ್ರಿಯ ಟೇಬಲ್‌ಗೆ ಒಂದೇ ಷರತ್ತು ಇಟ್ಟೆ: ಒ ಇರುವವರು ಕೊನೆಯವರೆಗೂ ಸ್ಥಳದಲ್ಲೇ ಇರಬೇಕು. ಮಳೆ ಬಂದರೆ ಸ್ಟೇಜ್ ಖಾಲಿ ಮಾಡಿಸೋದು, ಗೇಟ್ ಮುಚ್ಚಿಸೋದು, ಸೌಂಡ್ ನಿಲ್ಲಿಸೋದು, ಈ ಮೂರಕ್ಕೂ. ಅವರು ಊಟಕ್ಕೆ ಹೋದರೆ ಬದಲಿ ಯಾರು ಅಂತ ಪಕ್ಕದಲ್ಲೇ ಬರೆದಿರುತ್ತೆ. ಬದಲಿಯವರು ಎರಡನೇ ಒ ಅಲ್ಲ. ಮೊದಲಿನವರು ಇಲ್ಲದಾಗ ಮಾತ್ರ ಅವರ ಮಾತು ನಡೆಯುತ್ತೆ.

ಇನ್ನೊಂದು ವಿಷಯ. ಹಣ, ಸುರಕ್ಷತೆ ಇರುವ ಸಾಲಿಗೆ ವಿದ್ಯಾರ್ಥಿಗಳ ಹೆಸರಿಗೆ ಒ ಹಾಕಬೇಡಿ. ಏನಾದರೂ ಆದರೆ ಉತ್ತರ ಕೊಡಬೇಕಾದ್ದು ಕಾಲೇಜು. 20 ವರ್ಷದ ಮಗುವಿನ ಹೆಗಲಿಗೆ ಅದು ಬೀಳಬಾರದು.

ಹಳೆ ವಿದ್ಯಾರ್ಥಿ

ಮೇಡಂ, ಸುರಕ್ಷತೆಯ ಮಾತು ಸರಿ. ಹಣದ್ದರಲ್ಲಿ ನನಗೆ ಬೇರೆ ಅನುಭವ. ಎಲ್ಲ ಒ ಮೇಷ್ಟ್ರ ಕಾಲಂಗೆ ಹೋದಾಗ 300 ರೂಪಾಯಿ ಸೆಲ್ಲೋಟೇಪಿಗೂ ಸ್ಟಾಫ್ ರೂಮ್ ಮುಂದೆ ನಿಲ್ಲಬೇಕಾಯಿತು. ಆಗ ಮಕ್ಕಳು ಕೇಳದೆ ಕೈಯಿಂದ ಖರ್ಚು ಮಾಡಿದರು, ಬಿಲ್ ಇಲ್ಲ ಅಂತ ಆ ದುಡ್ಡು ವಾಪಸ್ ಬರಲಿಲ್ಲ. 2,000 ರೂಪಾಯಿವರೆಗೆ ಕಾರ್ಯದರ್ಶಿ, 2,000ದಿಂದ 15,000ವರೆಗೆ ಸಂಚಾಲಕರು, ಅದರ ಮೇಲೆ ಪ್ರಾಂಶುಪಾಲರು ಅಂತ ಒಂದೇ ಸಾಲನ್ನು ಮೂರು ಮಾಡಿದೆವು. ಆಗ ಒಂದೊಂದರಲ್ಲೂ ಒ ಒಂದೇ ಉಳಿಯಿತು, ಕೆಲಸವೂ ನಡೆಯಿತು.

ಉಪನ್ಯಾಸಕಿ

2,000ವರೆಗೆ ಅಂದರೆ ಒಪ್ಪಬಹುದೇನೋ. ಆದರೆ ಆ ದುಡ್ಡು ಮೊದಲೇ ಮುಂಗಡವಾಗಿ ಕೊಟ್ಟು ರಸೀದಿ ಪುಸ್ತಕ ಇಟ್ಟಿರಬೇಕು. ನಮ್ಮ ಕಾಲೇಜಿನಲ್ಲಿ ಇನ್ನೂ ಒಪ್ಪಿಲ್ಲ, ನನಗೂ ಪೂರ್ತಿ ಧೈರ್ಯ ಬಂದಿಲ್ಲ.

ಕೇಳಿದವರು

ನಿನ್ನೆ ರಾತ್ರಿ ಕೂತು ಒಡೆದೆ. 14 ಸಾಲು 31 ಆಯ್ತು. ಕಾಲಂ 9ರಿಂದ 6ಕ್ಕೆ ಇಳೀತು, ಯಾಕೆಂದರೆ ಮೂವರಿಗೆ ಬರೀ ತಿ ಇತ್ತು. ಅವರಿಗೆ ಭಾನುವಾರಕ್ಕೊಂದು ಮೆಸೇಜ್ ಸಾಕು ಅನ್ನಿಸಿತು. ಫಾರ್ಮುಲಾ ಹಾಕಿದಾಗ ಏಳು ಸಾಲಿಗೆ 2 ಬಂತು, ಊಟದ ಸಾಲಿಗೆ 0. ಊಟದ ಬಗ್ಗೆ ಮೀಟಿಂಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡಿದ್ದೆವು!

ಒಂದು ತೊಂದರೆ ಉಳಿದಿದೆ. ಇವತ್ತು ತೋರಿಸಿದಾಗ ನಮ್ಮ ಪ್ರಾಂಶುಪಾಲರು "ಎಲ್ಲದಕ್ಕೂ ಒ ನನ್ನದೇ ಇರಲಿ" ಅಂದರು. ಬೇಡ ಅನ್ನೋದು ಹೇಗೆ?

ಹಳೆ ವಿದ್ಯಾರ್ಥಿ

ಬೇಡ ಅನ್ನಬೇಡಿ. ಈ ವಾರ ಅವರ ಒ ಬೇಕಾದ ಸಾಲುಗಳನ್ನು ಮಾತ್ರ, ಯಾವತ್ತೊಳಗೆ ಬೇಕು ಅನ್ನೋ ತಾರೀಖಿನ ಜೊತೆ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನಮ್ಮ ಸರ್ 11 ಸಾಲು ನೋಡಿ, ಪೆನ್ ತೆಗೆದು 8ನ್ನು ಅವರೇ ಮೇಷ್ಟ್ರಿಗೆ ಬರೆದುಕೊಟ್ಟರು.

ಉಪನ್ಯಾಸಕಿ

ನಮ್ಮಲ್ಲಿ ಅಂಥದೇ 11 ಸಾಲಿನ ಹಾಳೆ ಒಯ್ದಾಗ ಪ್ರಾಂಶುಪಾಲರು ಎಲ್ಲವನ್ನೂ ಇಟ್ಟುಕೊಂಡರು. ಆದರೂ ತಾರೀಖು ಬರೆದಿದ್ದರಿಂದ ಒಂಬತ್ತು ಸಾಲಿನ ಒಪ್ಪಿಗೆ ಹೊತ್ತಿಗೆ ಸರಿಯಾಗಿ ಬಂತು. ತಡವಾದ ಎರಡಕ್ಕೆ ನಾನೇ ಫೈಲ್ ಹಿಡಿದು ಅವರ ಕೋಣೆಗೆ ಹೋದೆ.