ಅಪ್‌ಡೇಟ್: ಮೇಲ್ವಿಚಾರಣೆಯ ತಕರಾರು ನಡಾವಳಿಗೆ ಸೇರಿದ ಬಗೆ

ನಾನು ಕೇಳಿದ್ದು: "ಅರ್ಧವಾರ್ಷಿಕ ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆಗೆ ಒಬ್ಬ ಶಿಕ್ಷಕರು ಸಭೆಯಲ್ಲೇ ಆಕ್ಷೇಪಿಸಿದರು. ಅದನ್ನು ನಡಾವಳಿಯಲ್ಲಿ ಬರೆಯಬೇಕೇ?"

ಬರೆದೆವು. ಮೊದಲ ಕರಡಿನಲ್ಲಿ ನಾನು "ಚರ್ಚಿಸಲಾಯಿತು" ಎಂದಷ್ಟೇ ಬರೆದಿದ್ದೆ. ಆದರೆ ಯಾರು, ಯಾವ ದಿನ, ಯಾವ ಕೊಠಡಿಗೆ ಎಂಬುದಿಲ್ಲದ ಆ ಮಾತಿನಿಂದ ಪರೀಕ್ಷೆಯ ಬೆಳಿಗ್ಗೆ ಯಾರನ್ನೂ ಹೊಣೆಗಾರರನ್ನಾಗಿಸಲು ಆಗದೆಂದು ಮುಖ್ಯೋಪಾಧ್ಯಾಯರು ಅದನ್ನು ಹಿಂತಿರುಗಿಸಿದರು. ಗಣಿತ ಶಿಕ್ಷಕರ ಆಕ್ಷೇಪವೂ ನ್ಯಾಯವಾದದ್ದೇ: ಗಣಿತ ಪತ್ರಿಕೆಯ ದಿನವೇ ಅವರಿಗೆ ಕೊಠಡಿ ಹಂಚಲಾಗಿತ್ತು.

ಆರು ಕೊಠಡಿಗಳಿಗೆ ನಾವಿರುವುದು ಎಂಟು ಜನ. ಆದ್ದರಿಂದ ಆಯಾ ವಿಷಯದ ಶಿಕ್ಷಕರನ್ನು ಆ ದಿನ ಮೇಲ್ವಿಚಾರಣೆಯಿಂದ ಬಿಟ್ಟು, ಉಳಿದ ಏಳರಲ್ಲಿ ಒಬ್ಬರನ್ನು ಕಾಯ್ದಿರಿಸಿ, ರಜೆ ಬೇಕಾದವರು ಹಿಂದಿನ ದಿನವೇ ಲಿಖಿತವಾಗಿ ತಿಳಿಸಬೇಕೆಂದು ನಿರ್ಣಯ ಬರೆದು, ಆಕ್ಷೇಪವನ್ನು ಒಂದೇ ವಾಕ್ಯದಲ್ಲಿ ಆ ನಿರ್ಣಯದ ಮೇಲ್ಗಡೆ ದಾಖಲಿಸಿದೆವು. ಇಬ್ಬರು ಒಟ್ಟಿಗೆ ಗೈರಾದರೆ ಈ ವ್ಯವಸ್ಥೆ ಸಾಲದು. ಆಗ ಎರಡು ಕೊಠಡಿಗಳನ್ನು ಕೂಡಿಸಬೇಕಾದೀತು.

ಸಭೆಯ ಉಳಿದ ವಿಷಯಗಳಲ್ಲಿ ವೇಳಾಪಟ್ಟಿಗೆ ತಕರಾರಿರಲಿಲ್ಲ. ಫಲಿತಾಂಶ ವಿಮರ್ಶೆಯಲ್ಲಿ ಮಾತ್ರ, ಶೇಕಡಾವಾರು ಅಂಕಿಯ ಬದಲು ಮಕ್ಕಳು ಹೆಚ್ಚಾಗಿ ಬಿಟ್ಟ ಪ್ರಶ್ನೆಗಳ ಸಂಖ್ಯೆಗಳನ್ನೇ ಬರೆಯಲು ಒಪ್ಪಿದ್ದೇವೆ. ಸಹಿಗಳು ನಿನ್ನೆ ಪೂರ್ಣಗೊಂಡವು.